ರಿಟೈರ್ ಆದ ತಕ್ಷಣ ಮಾರ್ಕೆಟ್ ಬಿದ್ರೆ: ರೂಪಾಯಿ ಅಲ್ಲ, ಯೂನಿಟ್ ಎಣಿಸಿ

ನಮ್ಮ ತೋಟದ ಗುಂಪಲ್ಲಿ ಒಬ್ರು ಕೇಳಿದ್ದು: "ತೋಟದ ವಿಷಯ ಅಲ್ಲ, ಬೇಜಾರ್ ಮಾಡ್ಕೋಬೇಡಿ. ಈಗಷ್ಟೇ ರಿಟೈರ್ ಆದೆ, ಪಿಎಫ್ ಗ್ರಾಚ್ಯುಟಿ ಎಲ್ಲಾ ಸೇರಿ 50 ಲಕ್ಷ ಬಂದಿದೆ. ಪೂರ್ತಿ ಇಂಡೆಕ್ಸ್ ಫಂಡಿಗೆ ಹಾಕಿ ತಿಂಗಳಿಗೆ 30 ಸಾವಿರದ ಯೂನಿಟ್ ತಾನಾಗೇ ಮಾರಿ ದುಡ್ಡು ಕೊಡೋ ಎಸ್‌ಡಬ್ಲ್ಯೂಪಿ ಮಾಡಿಸಿ ಅಂತಿದಾರೆ. ಶುರು ಮಾಡಿದ ಮೇಲೆ ಮಾರ್ಕೆಟ್ ಬಿದ್ರೆ ಏನ್ ಗತಿ?"

ಸಾರ್, ನಮ್ಮ ಭಾವ 2007ರ ಕೊನೇಲಿ ರಿಟೈರ್ ಆಗಿ ಇದನ್ನೇ ಮಾಡಿದ್ರು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಅವ್ರ ಮೊತ್ತ ಬೇರೆ, ನಿಮ್ಮ 50 ಲಕ್ಷನೇ ಆ ಕಾಲಕ್ಕೆ ಇಟ್ಟು ನೋಡೋಣ. ಸೆನ್ಸೆಕ್ಸನ್ನೇ ಒಂದು ಯೂನಿಟ್‌ನ ರೇಟು ಅನ್ಕೊಳ್ಳಿ, ಲೆಕ್ಕ ಸುಲಭ ಆಗ್ಲಿ ಅಂತ ವರ್ಷಕ್ಕೊಂದೇ ಸಲ ಡಿಸೆಂಬರ್ ಕೊನೇಲಿ 3.6 ಲಕ್ಷ ತೆಗೀತೀರ ಅಂತಿಟ್ಕೊಳ್ಳಿ.

2007ರ ಕೊನೇಲಿ ಸೆನ್ಸೆಕ್ಸ್ 20,287 ಇತ್ತು. 50 ಲಕ್ಷಕ್ಕೆ ಸುಮಾರು 246 ಯೂನಿಟ್ ಬಂತು. ಮಾರನೇ ವರ್ಷದ ಕೊನೆಗೆ 9,647. ಖರ್ಚು ಏನ್ ಕಮ್ಮಿ ಆಗಲ್ವಲ್ಲ, ಅದೇ 3.6 ಲಕ್ಷ ಬೇಕು, ಅದಕ್ಕೆ 37 ಯೂನಿಟ್ ಮಾರ್ಬೇಕಾಯ್ತು. ರೇಟು 20 ಸಾವಿರದ ಹತ್ರ ಇದ್ದಿದ್ರೆ 18ರಲ್ಲಿ ಮುಗೀತಿತ್ತು. 2009ಕ್ಕೆ 17,465 ಆಯ್ತು, 2010ರ ಕೊನೆಗೆ 20,509, ಅಂದ್ರೆ ಮೊದಲಿದ್ದ ಜಾಗಕ್ಕಿಂತ ಸ್ವಲ್ಪ ಮೇಲೇನೇ ಬಂತು, ಪೇಪರ್ನಲ್ಲೆಲ್ಲ ಮಾರ್ಕೆಟ್ ಚೇತರಿಸ್ಕೊಂಡಿದೆ ಅಂತ. ಆದ್ರೆ ಮೂರು ವರ್ಷ ತಗೊಂಡು ತಿಂದ ಮೇಲೆ ನಿಮ್ಮತ್ರ ಉಳಿದಿರೋದು 171 ಯೂನಿಟ್, ಬೆಲೆ ಸುಮಾರು 35 ಲಕ್ಷ. ತಗೊಂಡಿದ್ದು 10.8 ಲಕ್ಷ, ಸಣ್ಣಗಾಗಿರೋದು 15 ಲಕ್ಷ. ಮಾರ್ಕೆಟ್ ವಾಪಸ್ ಬಂತು, ನಿಮ್ಮ ದುಡ್ಡು ಬರ್ಲಿಲ್ಲ. ಬರಗಾಲದಲ್ಲಿ ಮೇವಿಲ್ದೆ ಸಂತೇಲಿ ಸಿಕ್ಕಿದ ರೇಟಿಗೆ ದನ ಮಾರ್ದಂಗೆ, ಮುಂದಿನ ವರ್ಷ ಮಳೆ ಚೆನ್ನಾಗೇ ಆಗುತ್ತೆ, ಕೊಟ್ಟಿಗೇಲಿ ಹಾಲ್ ಕರೆಯಕ್ಕೆ ಏನೂ ಇರಲ್ಲ.

ನಿಮ್ಮ ಪ್ರಶ್ನೆಗೆ ಗುಂಪಲ್ಲಿ ಒಬ್ರು "ಸರಾಸರಿ 12 ಪರ್ಸೆಂಟ್ ಬರುತ್ತೆ, 7 ತೆಗೆದ್ರೆ 5 ಬೆಳೀತಾನೇ ಇರುತ್ತೆ" ಅಂದಿದಾರೆ. ಅರ್ಧ ಸರಿ. ದುಡ್ಡು ತೆಗೀದೇ ಇದ್ರೆ ಸರಾಸರಿ ಸಾಕು, ಯಾವ ವರ್ಷ ಮೊದ್ಲು ಬಂತು ಅನ್ನೋದು ಲೆಕ್ಕಕ್ಕೇ ಬರಲ್ಲ. ತೆಗೆಯೋಕೆ ಶುರು ಮಾಡಿದ್ರೆ ಸರದಿನೇ ಎಲ್ಲಾ. ನಂಬಿಕೆ ಬರ್ದಿದ್ರೆ ಒಂದು ಪೇಪರ್ ತಗೊಳ್ಳಿ. 2008ರಿಂದ 2013ರ ತನಕ ಆರು ವರ್ಷ ಇದೇ ಥರ ತೆಗೆದ್ರೆ ಕೊನೆಗೆ ಉಳಿಯೋದು ಸುಮಾರು 23.7 ಲಕ್ಷ. ಈಗ ಅದೇ ಆರು ವರ್ಷದ ಏರಿಳಿತನ ತಿರುಗಿಸಿ ಹಾಕಿ, 2013ರದ್ದು ಮೊದ್ಲು, 2008ರ ದೊಡ್ಡ ಹೊಡೆತ ಕೊನೇ ವರ್ಷಕ್ಕೆ. ಉಳಿಯೋದು ಸುಮಾರು 34 ಲಕ್ಷ. ಏರಿಳಿತ ಅವೇ, ಸರಾಸರಿ ಅದೇ, ತಗೊಂಡಿದ್ದೂ ಅಷ್ಟೇ, ಹತ್ತು ಲಕ್ಷ ವ್ಯತ್ಯಾಸ. ದುಡ್ಡು ಮುಟ್ದೇ ಬಿಟ್ಟಿದ್ರೆ ಎರಡ್ರಲ್ಲೂ 52 ಲಕ್ಷ ಆಗ್ತಿತ್ತು.

(ಡಿವಿಡೆಂಡ್ ಸೇರಿಸಿಲ್ಲ, ಸೇರಿಸಿದ್ರೆ ಸ್ವಲ್ಪ ವಾಸಿ. ಟ್ಯಾಕ್ಸೂ ಸೇರಿಸಿಲ್ಲ. ಆದ್ರೆ ಆರು ವರ್ಷನೂ 30 ಸಾವಿರದಲ್ಲೇ ಸಂಸಾರ ನಡೀತು ಅನ್ಕೊಂಡಿದೀನಿ, ಅದು ಎಲ್ಲಿ ನಡೆಯುತ್ತೆ ಹೇಳಿ.)

ಇನ್ನೊಬ್ರು, ಮಾರ್ಕೆಟ್ ಬಿದ್ರೆ ಒಳ್ಳೇದಲ್ವಾ ಯೂನಿಟ್ ಜಾಸ್ತಿ ಸಿಗುತ್ತೆ, ನನ್ನ ಎಸ್‌ಐಪಿಗೆ 2020ರಲ್ಲಿ ಹಂಗೇ ಆಯ್ತು ಅಂದ್ರು. ಅಣ್ಣ, ನಿಮ್ದು ಕೊಳ್ಳೋದು, ಸಾರ್‌ದು ಮಾರೋದು. ನಿಮಗೆ ಲಾಭ ಆಗಿದ್ದು ಯಾವುದ್ರಿಂದ್ಲೋ ಅದ್ರಿಂದ್ಲೇ ಇವ್ರಿಗೆ ಪೆಟ್ಟು.

ಭಾವಂಗೆ ಏನಾಗ್ತಿದೆ ಅಂತ ಗೊತ್ತಾಗಿದ್ದು ತಡವಾಗಿ. ಸ್ಟೇಟ್‌ಮೆಂಟ್ ಬಂದಾಗೆಲ್ಲ ಕೊನೇಲಿರೋ ರೂಪಾಯಿ ಮಾತ್ರ ನೋಡೋರು, 2009ರಲ್ಲಿ ಅದು ಏರ್ತಿತ್ತಲ್ಲ, ಖುಷಿಯಾಗಿದ್ರು. ಒಂದಿನ ಅಕ್ಕ ಊಟದ ಟೇಬಲ್ ಮೇಲೆ ಹಳೇ ಸ್ಟೇಟ್‌ಮೆಂಟೆಲ್ಲ ಹರಡ್ಕೊಂಡು ಯೂನಿಟ್ ಕಾಲಂಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ಲು, ಎರಡು ವರ್ಷಕ್ಕೇ ಕಾಲು ಭಾಗ ಹತ್ರ ಖಾಲಿ. ಮಾಡಿಸಿ ಕೊಟ್ಟಿದ್ದ ಏಜೆಂಟ್ ಒಂದ್ ದಿನಾನೂ ಇದನ್ನ ಹೇಳಿರ್ಲಿಲ್ಲ. ನೀವು ನೋಡ್ಬೇಕಾದ್ದೂ ಅದೇ ಕಾಲಂ. ಜೊತೆಗೆ ಇನ್ನೊಂದು, ವರ್ಷದ ಖರ್ಚನ್ನ ಇವತ್ತಿರೋ ಮೊತ್ತದಿಂದ ಭಾಗಿಸಿ, ಶುರು ಮಾಡಿದ ಮೊತ್ತದಿಂದ ಅಲ್ಲ. ಮೇಲಿನ ಲೆಕ್ಕದಲ್ಲಿ 7.2 ಪರ್ಸೆಂಟ್ ಅಂತ ಶುರುವಾಗಿದ್ದು 2008ರ ಕೊನೆಗೆ 20 ಲಕ್ಷ ಉಳಿದಾಗ ಸುಮಾರು 18 ಪರ್ಸೆಂಟ್ ಆಗಿತ್ತು. ಅದು ಹತ್ತು ದಾಟ್ತು ಅಂದ್ರೆ ಅವತ್ತೇ ಎಸ್‌ಡಬ್ಲ್ಯೂಪಿ ನಿಲ್ಸಿ ಇಲ್ಲಾ ಅರ್ಧ ಮಾಡಿ, ಮಾರ್ಕೆಟ್ ಏಳ್ಲಿ ಅಂತ ಕಾಯ್ಬೇಡಿ. ಹತ್ತು ಅನ್ನೋದು ನನ್ನ ಅಂದಾಜು, ಯಾವ ಶಾಸ್ತ್ರದಲ್ಲೂ ಇಲ್ಲ.

ನಾನಾಗಿದ್ರೆ 50 ಪೂರ್ತಿ ಹಾಕ್ತಿರ್ಲಿಲ್ಲ. ಮೂರು ವರ್ಷದ ಖರ್ಚು 10.8 ಲಕ್ಷ ಎಫ್‌ಡಿಲೋ ಲಿಕ್ವಿಡ್ ಫಂಡಲ್ಲೋ ಇಟ್ಟು ಮಿಕ್ಕ 39.2 ಮಾತ್ರ ಈಕ್ವಿಟಿಗೆ. ರೂಲು ಒಂದೇ, ನಾನು ಹಾಕಿದಾಗಿನ ಮಟ್ಟಕ್ಕಿಂತ ಸೆನ್ಸೆಕ್ಸ್ ಕೆಳಗಿದ್ರೆ ಎಫ್‌ಡಿಯಿಂದ ತಿನ್ನೋದು, ಮೇಲಿದ್ರೆ ಯೂನಿಟ್ ಮಾರೋದು. ಅದೇ 2008-13ಕ್ಕೆ ಹಾಕಿ ನೋಡ್ದೆ. 2008, 2009, 2011 ಮೂರು ವರ್ಷ ಎಫ್‌ಡಿ ಮೇಲೆ ನಡೀತು, 2012ಕ್ಕೆ ಎಫ್‌ಡಿ ಖಾಲಿ, ಕೆಳಗಿದ್ರೂ ಮಾರ್ಲೇಬೇಕಾಯ್ತು. ಕೊನೆಗೆ ಉಳಿದಿದ್ದು ಸುಮಾರು 29.7 ಲಕ್ಷ, ಎಫ್‌ಡಿ ಬಡ್ಡಿ ಹಿಡೀದೇನೇ. 23.7 ಎಲ್ಲಿ, ಇದೆಲ್ಲಿ. ಆದ್ರೆ ಪೂರ್ತಿ ಶ್ರೇಯಸ್ಸು ರೂಲಿಗೆ ಕೊಡ್ಬೇಡಿ, 10.8 ಲಕ್ಷ ಮಾರ್ಕೆಟ್ ಹೊರಗಿತ್ತು, ಅದು ಬೀಳ್ಲೇ ಇಲ್ಲ, ಒಂದಿಷ್ಟು ಉಪಕಾರ ಅದ್ರದ್ದೂ. ಮಾರ್ಕೆಟ್ ಮೊದಲೇ ಏರಿದ್ರೆ ಅದೇ ದುಡ್ಡು ಸುಮ್ನೆ ಕೂತಿತ್ತಲ್ಲಾ ಅಂತ ಬೈಕೋತೀರ.

ಮೂರು ವರ್ಷ ಸಾಕಾ ಅಂತ ಕೇಳಿದ್ರೆ ನನ್ನತ್ರ ಉತ್ರ ಇಲ್ಲ. 1999ರ ಕೊನೇಲಿ ಸೆನ್ಸೆಕ್ಸ್ 5,006, ಅಲ್ಲಿಂದ 2002ರ ಕೊನೆಗೆ 3,377, ಮತ್ತೆ ಮೇಲೆ ಬಂದಿದ್ದು 2003ರಲ್ಲಿ, ಅದಕ್ಕಾದ್ರೆ ಮೂರು ಸರಿಯಾಗ್ತಿತ್ತು. ಜಪಾನಲ್ಲಿ 1989ರ ಕೊನೇಲಿ ಅಲ್ಲಿನ ಸೆನ್ಸೆಕ್ಸ್ ಥರದ ನಿಕ್ಕೇ ಇದ್ದ ಮಟ್ಟ ಮತ್ತೆ ಬಂದಿದ್ದು 2024ರ ಫೆಬ್ರವರೀಲಿ, ಅಂಥದ್ದಕ್ಕೆ ಯಾವ ಎಫ್‌ಡಿನೂ ಸಾಕಾಗಲ್ಲ. ನಮ್ಮ ಗುಂಪಲ್ಲೇ ಐದು ವರ್ಷದ್ದು ಇಡಿ ಅನ್ನೋರಿದಾರೆ, ತಪ್ಪು ಅನ್ನಲ್ಲ.

ನಿಮಗೆ ತೋಟ ಇದೆ ಸಾರ್, ಅದು ದೊಡ್ಡ ಆಸರೆ. ಕೊಬ್ಬರಿ ದುಡ್ಡು ಬಂದ ವರ್ಷ ಎರಡು ಮೂರು ತಿಂಗಳು ಎಸ್‌ಡಬ್ಲ್ಯೂಪಿ ನಿಲ್ಸಿ, ಬರಹದಲ್ಲಿ ಕೊಟ್ರೆ ನಿಲ್ಲುತ್ತೆ, ಮತ್ತೆ ಶುರು ಮಾಡ್ಬೋದು. 60 ದಾಟಿದ್ರೆ ಪೋಸ್ಟಾಫೀಸ್ ಸೀನಿಯರ್ ಸಿಟಿಜನ್ ಸ್ಕೀಮ್ ನೋಡಿ, 30 ಲಕ್ಷದ ತನಕ ಇಡ್ಬೋದು, ನಾನು ನೋಡಿದಾಗ ಬಡ್ಡಿ 8.2 ಇತ್ತು. ಅಲ್ಲಿ 15 ಲಕ್ಷ ಇಟ್ರೆ ಮೂರು ತಿಂಗಳಿಗೊಮ್ಮೆ 30,750 ಬರುತ್ತೆ, ವರ್ಷದ ಖರ್ಚಲ್ಲಿ ಮೂರರಲ್ಲೊಂದು ಭಾಗ ಅಲ್ಲೇ ಆಯ್ತು, ಬಿದ್ದ ಮಾರ್ಕೆಟಲ್ಲಿ ಮಾರೋ ಯೂನಿಟೂ ಅಷ್ಟು ಕಮ್ಮಿ.

ಮತ್ತೆ ಫಂಡಿಗೆ ಹಾಕಿದ ಮಾರನೇ ತಿಂಗಳೇ ತೆಗೆಯೋಕೆ ಶುರು ಮಾಡ್ಬೇಡಿ. ಈಕ್ವಿಟಿಲಿ ಒಂದು ವರ್ಷದೊಳಗೆ ಲಾಭಕ್ಕೆ ಮಾರಿದ್ರೆ ಆ ಲಾಭದ ಮೇಲೆ 20 ಪರ್ಸೆಂಟ್ ಟ್ಯಾಕ್ಸ್, ಕೆಲವು ಫಂಡಲ್ಲಿ ಬೇಗ ತೆಗೆದಿದ್ದಕ್ಕೆ ಎಕ್ಸಿಟ್ ಲೋಡ್ ಅಂತಾನೂ ಹಿಡೀತಾರೆ. ಮೊದಲ ವರ್ಷ ಹೆಂಗೂ ಎಫ್‌ಡಿಯಿಂದ್ಲೇ ನಡೆಸಿ. ಆ 50ರಲ್ಲಿ ಮನೆ ಕಟ್ಟೋದಕ್ಕೋ ಮಕ್ಕಳ ಮದುವೆಗೋ ಅಂತ ಎತ್ತಿಟ್ಟಿರೋದು ಏನಾದ್ರೂ ಇದೆಯಾ? ಇದ್ರೆ ಅದನ್ನ ಕಳೆದು ಹೇಳಿ, ಲೆಕ್ಕ ಇನ್ನೊಂದ್ಸಲ ಹಾಕೋಣ.