ಸರಾಸರಿ 24 ದಿನ, ಆದರೂ ಹುದ್ದೆ ತುಂಬುತ್ತಿಲ್ಲ

ಪ್ರಶ್ನೆ: ನಾನು ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿದ್ದೇನೆ. ಖಾಲಿ ಹುದ್ದೆಗಳೆಷ್ಟು, ಯಾವ ಹಂತದಲ್ಲಿ ಎಷ್ಟು ಅಭ್ಯರ್ಥಿಗಳಿದ್ದಾರೆ, ನೇಮಕಕ್ಕೆ ಸರಾಸರಿ ಎಷ್ಟು ದಿನ ಹಿಡಿಯಿತು ಎಂಬ ವರದಿಯನ್ನು ಆಗಾಗ ಕೊಡುತ್ತೇನೆ. ಈ ಸಲ ಸರಾಸರಿ 24 ದಿನ ಬಂತು. ಆದರೆ ಮ್ಯಾನೇಜರ್‌ಗಳು "ಮೂರು ತಿಂಗಳಾಯಿತು, ಇನ್ನೂ ಜನ ಕೊಟ್ಟಿಲ್ಲ" ಎಂದು ರೇಗುತ್ತಾರೆ. ನನ್ನ ಲೆಕ್ಕ ಎಲ್ಲಿ ತಪ್ಪಿದೆ?

ಉತ್ತರ: ಕೂಡಿಸಿ ಭಾಗಿಸಿದ್ದರಲ್ಲಿ ಬಹುಶಃ ತಪ್ಪಿಲ್ಲ. ಆ ಸರಾಸರಿಯೊಳಗೆ ಯಾವ ಹುದ್ದೆಗಳು ಸೇರಿವೆ ಎಂಬುದನ್ನು ನೋಡಿ. ಭರ್ತಿಯಾದವು ಮಾತ್ರ ಇರುತ್ತವೆ. ಭರ್ತಿಯಾಗದೆ ಕೂತವು, ಅಂದರೆ ಮ್ಯಾನೇಜರ್‌ಗಳನ್ನು ಕಾಡುತ್ತಿರುವವು, ಅದರಲ್ಲಿ ಇಲ್ಲವೇ ಇಲ್ಲ.

ಒಂದು ಉದಾಹರಣೆ ಮಾಡಿ ನೋಡೋಣ. ಆರು ಹುದ್ದೆಗಳು 18, 20, 21, 23, 26 ಮತ್ತು 36 ದಿನಗಳಲ್ಲಿ ತುಂಬಿದವು ಎನ್ನಿ. ಮೊತ್ತ 144, ಸರಾಸರಿ 24. ಅದೇ ದಿನ ಇನ್ನೂ ಐದು ಹುದ್ದೆ ಖಾಲಿ ಇವೆ. ಅವು ತೆರೆದು 12, 30, 75, 90 ಮತ್ತು 110 ದಿನಗಳಾಗಿವೆ. ಸುಲಭವಾಗಿ ಸಿಗುವವರು ಬೇಗ ಸಿಕ್ಕು ಸರಾಸರಿಗೆ ಸೇರಿಕೊಂಡರು, ಕಷ್ಟದ ಹುದ್ದೆಗಳು ಹೊರಗೇ ಉಳಿದವು.

ಮುಂದಿನ ತಿಂಗಳು ನಡೆಯುವುದು ಇನ್ನೂ ಅನ್ಯಾಯದ್ದು. ಆ 110 ದಿನದ ಹುದ್ದೆ ಕೊನೆಗೂ 130ನೇ ದಿನ ತುಂಬುತ್ತದೆ, ಜೊತೆಗೆ 20, 22, 24 ದಿನಗಳಲ್ಲಿ ಮತ್ತೆ ಮೂರು ತುಂಬುತ್ತವೆ. ಸರಾಸರಿ 49ಕ್ಕೆ ಜಿಗಿಯುತ್ತದೆ. ತಂಡ ತನ್ನ ಅತಿ ಕಷ್ಟದ ಕೆಲಸ ಮುಗಿಸಿದ ತಿಂಗಳಲ್ಲೇ ವರದಿ ಅದನ್ನು ನಿಧಾನ ಎಂದು ದೂರುತ್ತದೆ! ಅದೇ ನಾಲ್ಕು ಸಂಖ್ಯೆಗಳ ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಎರಡರ ಸರಾಸರಿ, 23. ಆದ್ದರಿಂದ ಭರ್ತಿಯಾದ ಹುದ್ದೆಗಳಿಗೆ ಮಧ್ಯಾಂಕ ಕೊಡಿ, ಅದರ ಪಕ್ಕದಲ್ಲೇ ಖಾಲಿ ಹುದ್ದೆಗಳ ವಯಸ್ಸನ್ನೂ ಕೊಡಿ. ಎರಡನ್ನೂ ಬೆರೆಸಿ ಒಂದೇ ಸರಾಸರಿ ಮಾಡಬೇಡಿ. ಖಾಲಿ ಹುದ್ದೆಯ ದಿನಗಳು ಇನ್ನೂ ಏರುತ್ತಲೇ ಇವೆ, ಅದು ಮುಗಿದ ಲೆಕ್ಕವಲ್ಲ.

ಎಕ್ಸೆಲ್ ಶೀಟಿನಲ್ಲಿ B ಕಾಲಂನಲ್ಲಿ ಹುದ್ದೆಗೆ ಮಂಜೂರಾತಿ ಸಿಕ್ಕ ದಿನ, C ಕಾಲಂನಲ್ಲಿ ಅಭ್ಯರ್ಥಿ ಆಫರ್ ಒಪ್ಪಿದ ದಿನ ಇರಲಿ. C ಖಾಲಿ ಇದ್ದರೆ ಇಂದಿನವರೆಗಿನ ವಯಸ್ಸು, ತುಂಬಿದ್ದರೆ ಭರ್ತಿಗೆ ಹಿಡಿದ ದಿನ ಸಿಗುತ್ತದೆ:

```
=IF(C2="",TODAY()-B2,C2-B2)
```

ಮಂಜೂರಾತಿಯ ದಿನ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವರು ಅಭ್ಯರ್ಥಿ ಅರ್ಜಿ ಹಾಕಿದ ದಿನದಿಂದ ಎಣಿಸುತ್ತಾರೆ. ಹುದ್ದೆ ತೆರೆದು 70 ದಿನ ಒಳ್ಳೆಯ ಅರ್ಜಿಯೇ ಬರದೆ, 71ನೇ ದಿನ ಬಂದವರು 20 ದಿನದಲ್ಲಿ ಆಯ್ಕೆಯಾದರೆ, ನಿಮ್ಮ ಲೆಕ್ಕದಲ್ಲಿ 20, ಮ್ಯಾನೇಜರ್ ಲೆಕ್ಕದಲ್ಲಿ 90. ಎರಡೂ ಸರಿಯಾದ ಅಳತೆಗಳೇ. ಯಾವುದನ್ನು ಅಳೆದಿದ್ದೀರಿ ಎಂದು ವರದಿಯ ತಲೆಯಲ್ಲೇ ಬರೆಯಿರಿ. ಇನ್ನೊಂದು ವಿಷಯ: ಹಳೆಯ ಹುದ್ದೆಯನ್ನು ಮುಚ್ಚಿ ಹೊಸ ಸಂಖ್ಯೆ ಕೊಟ್ಟು ಮತ್ತೆ ತೆರೆದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಅಂಥ ಹುದ್ದೆಗೆ ಮೊದಲ ಮಂಜೂರಾತಿಯ ದಿನವನ್ನೇ ಉಳಿಸಿಕೊಳ್ಳಿ.

ಇನ್ನು ಹಂತಗಳ ಪಟ್ಟಿ. ಆ 110 ದಿನದ ಹುದ್ದೆಗೆ "ಸಂದರ್ಶನ: 9 ಅಭ್ಯರ್ಥಿಗಳು" ಎಂದಿದ್ದರೆ ಕೆಲಸ ಸಾಗುತ್ತಿದೆ ಅನ್ನಿಸುತ್ತದೆ. ಪ್ರತಿಯೊಬ್ಬರೂ ಆ ಹಂತಕ್ಕೆ ಬಂದ ದಿನಾಂಕವನ್ನು ಪಕ್ಕದಲ್ಲಿ ಹಾಕಿ ನೋಡಿ. 7 ಮಂದಿ ಎರಡು ವಾರಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದಾರೆ, ಸಂದರ್ಶನ ಮುಗಿದಿದೆ, ಅಭಿಪ್ರಾಯ ಮಾತ್ರ ಬಂದಿಲ್ಲ ಎಂದು ಗೊತ್ತಾದರೆ ಚಿತ್ರವೇ ಬೇರೆ. ಅವರಲ್ಲಿ ಕೆಲವರು ಈಗಾಗಲೇ ಬೇರೆ ಕಡೆ ಸೇರಿರಲೂಬಹುದು. ಫೋನ್ ಮಾಡಿ ಕೇಳಿ, ಇಲ್ಲದವರನ್ನು ಪಟ್ಟಿಯಿಂದ ತೆಗೆಯಿರಿ. ಉಳಿದವರು ಇಬ್ಬರೇ ಆದರೆ ಇಬ್ಬರೆಂದೇ ತೋರಿಸಿ.

ಇವತ್ತಿನ ಸಂಖ್ಯೆಗಳನ್ನು ಒಂದರಿಂದೊಂದು ಭಾಗಿಸಿ "ಇಷ್ಟು ಶೇಕಡಾ ಮುಂದಕ್ಕೆ ಹೋದರು" ಎಂದು ಹೇಳಲೂ ಬೇಡಿ. ಅದಕ್ಕೂ ಮೊದಲಿನ, ಫೋನ್‌ನಲ್ಲಿ ಮಾತಾಡಿಸುವ ಹಂತದಲ್ಲಿ 14 ಮಂದಿ ಇದ್ದಾರೆ ಎನ್ನಿ. ಅವರೂ ಸಂದರ್ಶನದಲ್ಲಿರುವ 9 ಮಂದಿಯೂ ಬೇರೆ ಬೇರೆ ಸಮಯದಲ್ಲಿ ಬಂದವರು. ಒಂದೇ ತಿಂಗಳಲ್ಲಿ ಅರ್ಜಿ ಹಾಕಿದವರನ್ನು ಕೊನೆಯವರೆಗೆ ಹಿಂಬಾಲಿಸಿದರೆ ಮಾತ್ರ ಆ ಶೇಕಡಾಕ್ಕೆ ಬೆಲೆ.

ಮುಂದಿನ ವರದಿಯಲ್ಲಿ ಒಟ್ಟು ಸರಾಸರಿಯನ್ನು ಕೆಳಗೆ ಸರಿಸಿ, 60 ದಿನ ದಾಟಿದ ಮೂರು ಹುದ್ದೆಗಳನ್ನು ಮೇಲೆ ತನ್ನಿ. ಪ್ರತಿಯೊಂದರ ಎದುರು ಈಗ ಯಾರ ಕೈಯಲ್ಲಿ, ಎಂದಿನಿಂದ ನಿಂತಿದೆ ಎಂಬ ಒಂದು ಸಾಲು ಸಾಕು. ಅದು ಸಂದರ್ಶಕರ ಅಭಿಪ್ರಾಯಕ್ಕೆ ಕಾಯುತ್ತಿದ್ದರೆ, ರೇಗುತ್ತಿರುವ ಮ್ಯಾನೇಜರ್‌ಗೂ ಅಲ್ಲೇ ಕಾಣುತ್ತದೆ.