ಬದನೆಯ ಕುಡಿ ಬಾಡಿದೆ, ಕಾಯಿಯಲ್ಲಿ ತೂತಿದೆ: ಹುಳು ಈಗ ಎಲ್ಲಿದೆ?

ಪ್ರಶ್ನೆ: ನಾವು ಮಡಗಾಂವ್‌ನಲ್ಲಿದ್ದೇವೆ. ಉಡುಪಿಯಿಂದ ತಂದ ಬೀಜ ಹಾಕಿ ಮನೆಯ ಹಿಂದೆ ಗುಳ್ಳ ಬದನೆ ಬೆಳೆಸಿದ್ದೇವೆ. ಮೂರು ಫೋಟೊ ಹಾಕಿದ್ದೇನೆ: ಬಾಡಿದ ಕುಡಿ, ತೂತಾದ ಕಾಯಿ, ಪೂರ್ತಿ ಬಾಡಿದ ಒಂದು ಗಿಡ. ಮೂರಕ್ಕೂ ಒಂದೇ ಹುಳು ಕಾರಣವೇ? ಹುಳು ಒಳಗೆ ಹೋದ ತೂತಿಗೆ ಔಷಧಿ ಬಿಟ್ಟರೆ ಸಾಯುತ್ತದೆಯೇ?

ಮೊದಲ ಎರಡು ಫೋಟೊಗಳಲ್ಲಿರುವುದು ಬದನೆಯ ಕುಡಿ ಮತ್ತು ಕಾಯಿ ಕೊರಕದ ಕೆಲಸವೇ. ಮೂರನೆಯದು ಅದರದ್ದಲ್ಲವೆಂದು ತೋರುತ್ತದೆ. ಎರಡನೆಯ ಫೋಟೊದಲ್ಲಿ ನೀವು ಕೆಂಪು ಬಾಣ ಹಾಕಿ ತೋರಿಸಿರುವ ತೂತು ಹುಳು ಒಳಗೆ ಹೋದದ್ದಲ್ಲ, ತಿಂದು ಮುಗಿಸಿ ಹೊರಗೆ ಬಂದದ್ದು. ಅಲ್ಲಿಗೆ ಔಷಧಿ ಬಿಟ್ಟರೆ ಖಾಲಿ ಮನೆಗೆ ಬಿಟ್ಟಂತೆ. ನಾನು ಫೋಂಡಾದ ಹತ್ತಿರ ತರಕಾರಿ ಬೆಳೆಯುತ್ತೇನೆ. ಇಲ್ಲಿನ ಕನ್ನಡದವರು ವಾಟ್ಸಾಪಿನಲ್ಲಿ ಕಳುಹಿಸುವ ಬದನೆಯ ಫೋಟೊಗಳಲ್ಲಿ ಹೆಚ್ಚಿನವರು ಬೆರಳು ಮಾಡುವುದು ಇದೇ ತೂತಿಗೆ.

ಮೊದಲ ಫೋಟೊದಲ್ಲಿ ನೆರಳು ಉದ್ದವಾಗಿದೆ, ಎಲೆಯ ಮೇಲೆ ಇಬ್ಬನಿಯೂ ಇದೆ. ಅಂದರೆ ಅದು ಬೆಳಗಿನ ಹೊತ್ತಿನದು. ಇದು ಸಣ್ಣ ಸಂಗತಿಯಲ್ಲ. ನೀರು ಸಾಲದ ಗಿಡ ಮಧ್ಯಾಹ್ನ ಎಲ್ಲ ಕುಡಿಗಳನ್ನೂ ಒಟ್ಟಿಗೆ ಜೋಲು ಬಿಡುತ್ತದೆ, ಸಂಜೆ ತಂಪಾದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ನಿಮ್ಮ ಗಿಡದಲ್ಲಿ ಬೆಳಗ್ಗೆಯೇ ಒಂದು ಕುಡಿ ಮಾತ್ರ ಬಾಗಿದೆ, ಪಕ್ಕದ ಕುಡಿಗಳೂ ಕೆಳಗಿನ ಎಲೆಗಳೂ ಬಿಗಿಯಾಗಿವೆ. ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ, ಬಾಗಿದ ಜಾಗದಿಂದ ಎರಡು ಬೆರಳು ಕೆಳಗೆ, ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ, ಕಂದು ಬಣ್ಣದ ಪುಡಿ ಅಂಟಿರುವುದು ಕಾಣುತ್ತದೆ. ಹುಳು ಒಳಗೆ ಹೋದ ತೂತು ಅದು. ಮೊಟ್ಟೆಯೊಡೆದು ಬಂದ ಮರಿಹುಳು ಕೆಲವೇ ಗಂಟೆಗಳಲ್ಲಿ ಎಳೆಯ ಕಾಂಡವನ್ನೋ ಎಲೆಯ ತೊಟ್ಟನ್ನೋ ಕೊರೆದು ಒಳಸೇರಿ, ಬಂದ ದಾರಿಯನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಕಾಂಡದ ತಿರುಳನ್ನು ತಿನ್ನುವುದರಿಂದ ತುದಿಗೆ ನೀರು ಏರುವುದಿಲ್ಲ, ಕುಡಿ ಜೋತುಬೀಳುತ್ತದೆ.

ಆ ಕುಡಿಯನ್ನು ಕತ್ತರಿಸಿ ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಹಿಕ್ಕೆ ತುಂಬಿದ ಸುರಂಗ, ಅದರೊಳಗೆ ಬಿಳಿ ಅಥವಾ ನಸುಗುಲಾಬಿ ಬಣ್ಣದ ಹುಳು ಸಿಕ್ಕಿದರೆ ಅನುಮಾನಕ್ಕೆ ಜಾಗವೇ ಇಲ್ಲ. ಕತ್ತರಿಸುವಾಗ ಬಾಡಿದ ಭಾಗದಿಂದ ಒಂದು ಅಂಗುಲ ಕೆಳಗೆ ಕತ್ತರಿಸಿ ಕೊಯ್ದ ಮುಖವನ್ನು ನೋಡಬೇಕು. ನಡುವೆ ತೂತು ಇನ್ನೂ ಕಂಡರೆ ತಿರುಳು ಗಟ್ಟಿಯಾಗಿ ಕಾಣುವವರೆಗೆ ಇನ್ನಷ್ಟು ಕೆಳಗೆ ಹೋಗಬೇಕು. ಕುಡಿ ಆಗತಾನೇ ಬಾಗಿದ್ದರೆ ಹುಳು ಒಳಗಿರುವ ಸಂಭವ ಹೆಚ್ಚು. ಒಣಗಿ ಕಪ್ಪಾದ ಕುಡಿಯನ್ನು ಕತ್ತರಿಸಿ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಹುಳು ಅಷ್ಟರಲ್ಲಿ ಪಕ್ಕದ ಕುಡಿಗೆ ದಾಟಿರುತ್ತದೆ.

ಇನ್ನು ಕಾಯಿ. ಈ ಹುಳುವಿನ ತಾಯಿ ಬಿಳಿ ರೆಕ್ಕೆಯ ಮೇಲೆ ಕಂದು ಮಚ್ಚೆಗಳಿರುವ ಸಣ್ಣ ಪತಂಗ. ಅದು ರಾತ್ರಿಯ ಹೊತ್ತು ಎಲೆಯ ಅಡಿ, ಕುಡಿ, ಮೊಗ್ಗು, ಕಾಯಿಯ ತೊಟ್ಟಿನ ಹಸಿರು ಟೋಪಿ, ಹೀಗೆ ಎಲ್ಲೆಂದರಲ್ಲಿ ಬಿಡಿಬಿಡಿಯಾಗಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಯಿಯೊಳಗೆ ಇಳಿಯುವುದು ಹೆಚ್ಚಾಗಿ ಆ ಟೋಪಿಯ ಅಂಚಿನಡಿಯಿಂದ. ಆಗ ಅದು ದಾರದೆಳೆಯಷ್ಟು ಸಪೂರವಾಗಿರುವುದರಿಂದ ತೂತು ಸೂಜಿಮೊನೆಯಷ್ಟಿರುತ್ತದೆ. ಕಾಯಿ ಬೆಳೆದಂತೆ ಗಾಯ ಮುಚ್ಚಿ, ಒಂದು ಸಣ್ಣ ಕಂದು ಚುಕ್ಕೆಯೋ ತಗ್ಗೋ ಮಾತ್ರ ಉಳಿಯುತ್ತದೆ. ಈ ವಿಷಯದಲ್ಲಿ ನಿಮ್ಮ ಗುಳ್ಳ ನಿಮಗೆ ಅನುಕೂಲ: ಅದರ ತಿಳಿಹಸಿರು ಸಿಪ್ಪೆಯ ಮೇಲೆ ಈ ಚುಕ್ಕೆ ಕಾಣುತ್ತದೆ, ಇಲ್ಲಿನ ಪೇಟೆಯ ಆಗಶಿಯ ದಪ್ಪ ನೇರಳೆ ಬದನೆಯಲ್ಲಿ ಅದನ್ನು ಹುಡುಕುವುದು ಕಷ್ಟ.

ಒಳಗೆ ಎರಡು ವಾರವೋ ತುಸು ಹೆಚ್ಚೋ ತಿಂದು, ಸುಮಾರು 2 ಸೆಂಟಿಮೀಟರ್ ಉದ್ದದ ಗುಲಾಬಿ ಹುಳುವಾಗಿ ಬೆಳೆದ ಮೇಲೆ ಅದು ಕಾಯಿಯ ಬದಿಯನ್ನು ಕೊರೆದು ಹೊರಬರುತ್ತದೆ. ನಿಮ್ಮ ಬಾಣದ ತುದಿಯಲ್ಲಿರುವುದು ಆ ತೂತು: ಗುಂಡಗಿದೆ, ಅಂಚು ಚೊಕ್ಕವಾಗಿದೆ, ಬೆಂಕಿಕಡ್ಡಿ ತೂರುವಷ್ಟು ಅಗಲವಿದೆ. ಅಂಚು ಒಣಗಿ ಕಂದಾಗಿರುವುದರಿಂದ, ಹಿಕ್ಕೆಯೂ ಒಣಗಿರುವುದರಿಂದ ಹುಳು ಹೋಗಿ ಕೆಲವು ದಿನಗಳಾಗಿರಬೇಕು. ಹಾಗೆಂದು ಕಾಯಿ ಪೂರ್ತಿ ಖಾಲಿಯೆಂದು ನಂಬಬೇಡಿ, ಒಂದೇ ಕಾಯಿಯಲ್ಲಿ ಒಂದಕ್ಕಿಂತ ಹೆಚ್ಚು ಹುಳುಗಳಿರುವುದುಂಟು. ಟೊಮೆಟೊ ಕಾಯಿಯನ್ನು ಕೊರೆಯುವ ಹಸಿರು ಹುಳುವಾಗಿದ್ದರೆ ತೂತು ದೊಡ್ಡದಾಗಿ, ಕಚ್ಚಿ ತಿಂದಂತೆ ಒರಟಾಗಿರುತ್ತಿತ್ತು. ಅದು ಮೈಯನ್ನು ಅರ್ಧ ಹೊರಗಿಟ್ಟುಕೊಂಡು ತಿನ್ನುತ್ತದೆ.

ಹೊರಬಂದ ಹುಳು ಗಿಡದ ಬುಡದ ಒಣಎಲೆ, ಕಸಕಡ್ಡಿಗಳ ನಡುವೆ ಬೂದುಕಂದು ಬಣ್ಣದ ಗಟ್ಟಿ ರೇಷ್ಮೆಗೂಡು ಕಟ್ಟಿಕೊಂಡು ಕೋಶವಾಗುತ್ತದೆ. ನಮ್ಮ ಈ ಕರಾವಳಿಯ ಸೆಕೆಯಲ್ಲಿ ವಾರ, ಹತ್ತು ದಿನಗಳಲ್ಲಿ ಅದರಿಂದ ಪತಂಗ ಏಳುತ್ತದೆ. ಆದ್ದರಿಂದ ನೀವು ಈ ವಾರವೇ ಬುಡದ ಕಸವನ್ನು ಗುಡಿಸಿ ತೆಗೆಯಬೇಕು. ತೂತಾದ ಕಾಯಿಗಳನ್ನೂ ಕತ್ತರಿಸಿದ ಕುಡಿಗಳನ್ನೂ ಗೊಬ್ಬರದ ಗುಂಡಿಗೆ ಎಸೆಯಬೇಡಿ, ಅಲ್ಲಿಯೂ ಹುಳು ಬೆಳೆದು ಪತಂಗವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಕಡುಬಿಸಿಲಿನಲ್ಲಿಡಿ. ವಾರಕ್ಕೆ ಎರಡು ಸಲ ಬೆಳಗ್ಗೆ ಕುಡಿಗಳನ್ನು ನೋಡಿ ಕತ್ತರಿಸುವುದು ಹಿತ್ತಲ ಬದನೆಗೆ ಸಿಂಪಡಣೆಗಿಂತ ಮೇಲು. ಸಿಂಪಡಿಸಿದ ಔಷಧಿ ಹುಳುವಿಗೆ ತಾಗಬಹುದಾದದ್ದು ಮೊಟ್ಟೆಯೊಡೆದು ಒಳಹೊಗುವ ನಡುವಿನ ಆ ಕೆಲವು ಗಂಟೆಗಳಲ್ಲಿ ಮಾತ್ರ, ಮತ್ತು ಎರಡು ಮೂರು ದಿನಕ್ಕೊಮ್ಮೆ ಕೊಯ್ದು ಹುಳಿಗೆ ಹಾಕುವ ಕಾಯಿಗೆ ಆ ಲೆಕ್ಕದಲ್ಲಿ ವಿಷ ಹೊಡೆಯುವುದು ಸಲ್ಲದು. ಈ ಕೊರಕಕ್ಕೆಂದೇ ಸಿಗುವ ಮೋಹಕ ಬಲೆಯನ್ನು ಗಿಡದ ಎತ್ತರಕ್ಕೆ ಕಟ್ಟಬಹುದು. ಅದಕ್ಕೆ ಬೀಳುವುದು ಗಂಡು ಪತಂಗ ಮಾತ್ರವಾದ್ದರಿಂದ, ನಾಲ್ಕಾರು ಗಿಡಗಳಿಗೆ ಅದು ಪತಂಗ ಬಂದಿದೆಯೆಂದು ತಿಳಿಸುವ ಸಾಧನವಷ್ಟೇ.

ಮೂರನೆಯ ಗಿಡದಲ್ಲಿ ಎಲೆಗಳು ಹಸಿರಾಗಿರುವಾಗಲೇ ಎಲ್ಲ ಕೊಂಬೆಗಳೂ ಒಮ್ಮೆಲೇ ಬಾಡಿವೆ, ಕಾಂಡದ ಮೇಲೆ ಎಲ್ಲಿಯೂ ಹಿಕ್ಕೆಯಿಲ್ಲ. ಗೋವಾದ ಹುಳಿ ಮಣ್ಣಿನಲ್ಲಿ ಸಾಮಾನ್ಯವಾದ ಬ್ಯಾಕ್ಟೀರಿಯಾ ಬಾಡು ರೋಗದ ಮೇಲೆ ನನ್ನ ಅನುಮಾನ. ಬುಡದ ಕಾಂಡದ ಎರಡು ಮೂರು ಅಂಗುಲದ ತುಂಡನ್ನು ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ಕೆಳತುದಿ ಮಾತ್ರ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆಗಳು ಇಳಿದರೆ ಅದೇ ರೋಗ. ಗಿಡವನ್ನು ಬೇರುಸಹಿತ ಕಿತ್ತು ಹಾಕಿ, ಆ ಜಾಗದಲ್ಲಿ ಸದ್ಯಕ್ಕೆ ಬದನೆ, ಟೊಮೆಟೊ, ಮೆಣಸು ಯಾವುದನ್ನೂ ನೆಡಬೇಡಿ.

ಮತ್ತೆ ಫೋಟೊ ಹಾಕುವುದಾದರೆ ಹೊತ್ತು ಏರುವ ಮೊದಲೇ ತೆಗೆಯಿರಿ, ಫ್ಲ್ಯಾಶ್ ಬೇಡ. ಕಾಯಿಯ ಟೋಪಿಯ ಅಂಚನ್ನು ಮುಳ್ಳು ಚುಚ್ಚದಂತೆ ತುಸು ಎತ್ತಿ, ಅದರಡಿಯ ಜಾಗವನ್ನು ಪಕ್ಕದಲ್ಲೊಂದು ರೂಪಾಯಿ ನಾಣ್ಯವಿಟ್ಟು ಹತ್ತಿರದಿಂದ ತೆಗೆಯಿರಿ. ಸೀಳಿದ ಕುಡಿಯದ್ದೂ ಒಂದಿರಲಿ.