ಒಂದೇ ಸಿಗರೇಟ್ ಪ್ಯಾಕ್, ಮೂರು ಭಾಷೆ

"ಸರ್, ನಾನು ನನ್ನ ಫ್ರೆಂಡು ವಾರದಿಂದ ಜಗಳ ಆಡ್ತಿದೀವಿ. 'ಇಬ್ಬರಿಗೂ ಅರ್ಥ ಆದ್ರೆ ಅದು ಒಂದೇ ಭಾಷೆ, ಮಿಕ್ಕಿದ್ದೆಲ್ಲ ಅದರ ಉಪಭಾಷೆ' ಅಂತ ನಾನು. 'ಅದನ್ನ ತೀರ್ಮಾನಿಸೋದು ಕಿವಿ ಅಲ್ಲಪ್ಪಾ, ಸರ್ಕಾರ' ಅಂತ ಅವನು. 'ಹಂಗಾದ್ರೆ ಭಾಷಾವಿಜ್ಞಾನ ಯಾಕೆ ಬೇಕು?' ಅಂದೆ, ಸುಮ್ಮನೆ ನಕ್ಕ. ಯಾರದ್ದು ಸರಿ?" (ಒಬ್ಬ ಓದುಗ)

ನಿಮ್ಮ ಮಾತಲ್ಲೂ ಹುರುಳಿದೆ, ಒಂದಕ್ಷರ ಅರ್ಥ ಆಗದ ಎರಡು ಮಾತನ್ನ ಒಂದೇ ಭಾಷೆ ಅಂತ ಯಾರೂ ಸುಲಭಕ್ಕೆ ಒಪ್ಪಲ್ಲ. ಆದ್ರೆ ನನ್ನ ಮನಸ್ಸು ನಿಮ್ಮ ಫ್ರೆಂಡ್ ಕಡೆಗೇ ವಾಲುತ್ತೆ.

ಬೋಸ್ನಿಯಾದ ಸಿಗರೇಟ್ ಪ್ಯಾಕ್ ನೋಡಿ. 'ಧೂಮಪಾನ ಕೊಲ್ಲುತ್ತೆ' ಅನ್ನೋ ಎಚ್ಚರಿಕೆ ಬೋಸ್ನಿಯನ್, ಕ್ರೊಯೇಷಿಯನ್, ಸರ್ಬಿಯನ್ ಅಂತ ಮೂರು ಸಲ ಇರುತ್ತೆ, ಮೂರರಲ್ಲೂ ಅದೇ ಎರಡು ಪದ, 'ಪುಶೆನ್ಯೆ ಉಬಿಯಾ', ಸರ್ಬಿಯನ್ ಮಾತ್ರ ಸಿರಿಲಿಕ್ ಲಿಪೀಲಿ. ಯುಗೊಸ್ಲಾವಿಯಾ ಒಡೆಯೋ ತನಕ ಇದೆಲ್ಲ ಸರ್ಬೊ-ಕ್ರೊಯೇಷಿಯನ್ ಅನ್ನೋ ಒಂದೇ ಭಾಷೆ. 1990ರ ದಶಕದಲ್ಲಿ ದೇಶ ಬೇರೆ ಆಯ್ತು, ಭಾಷೆನೂ ಬೇರೆ ಆಯ್ತು, 2007ರಲ್ಲಿ ಮಾಂಟೆನೆಗ್ರೊ ತನ್ನ ಸಂವಿಧಾನದಲ್ಲಿ ನಾಲ್ಕನೇ ಹೆಸರನ್ನೂ ಬರೀತು. ಬ್ರೆಡ್ಡಿಗೆ ಒಬ್ರು 'ಹ್ಲೆಬ್' ಅಂತಾರೆ ಇನ್ನೊಬ್ರು 'ಕ್ರುಹ್', ಟ್ರೈನಿಗೆ 'ವೊಜ್', 'ವ್ಲಾಕ್', ಇಂಥ ವ್ಯತ್ಯಾಸ ಇದೆ ನಿಜ, ಆದ್ರೆ ಮಾತಾಡೋಕೆ ಯಾರಿಗೂ ದುಭಾಷಿ ಬೇಕಿಲ್ಲ.

ಈಗ ಇದರ ಇನ್ನೊಂದು ಮುಖ ನೋಡಿ. 'ಏನು' ಅನ್ನೋಕೆ ಈ ನಾಲ್ಕೂ ಭಾಷೆಗಳ ತಳಹದಿಯಾದ ಆಡುಮಾತಲ್ಲಿ 'ಶ್ಟೊ', ಅದಕ್ಕೇ ಅದರ ಹೆಸರು ಶ್ಟೊಕಾವಿಯನ್. ಆದ್ರೆ ಕ್ರೊಯೇಷಿಯಾದ ಒಳಗೇ ವಾಯವ್ಯದ ಜನ 'ಕಾಯ್' ಅಂತಾರೆ, ದ್ವೀಪಗಳಲ್ಲಿ 'ಚಾ' ಅಂತಾರೆ. ಪಠ್ಯಪುಸ್ತಕದ ಕ್ರೊಯೇಷಿಯನ್ನಿಗೆ ಈ ಎರಡಕ್ಕಿಂತ ಸರ್ಬಿಯನ್ನೇ ಹತ್ರ! ಅಷ್ಟು ಹತ್ರ ಇರೋದು ಬೇರೆ ಭಾಷೆ, ದೂರ ಇರೋ ಇವೆರಡು ಮಾತ್ರ ಕ್ರೊಯೇಷಿಯನ್ನಿನ ಉಪಭಾಷೆ. ಗಡಿ ಆಚೆ ಸ್ಲೊವೇನಿಯಾದಲ್ಲೂ 'ಕಾಯ್' ಅಂತಲೇ ಕೇಳ್ತಾರೆ, ಎರಡೂ ಕಡೆ ಮಾತು ಸ್ವಲ್ಪ ಸ್ವಲ್ಪವಾಗಿ ಬದಲಾಗ್ತಾ ಒಂದರೊಳಗೊಂದು ಸೇರ್ಕೊಂಡಿದೆ, ಆದ್ರೂ ಆಚೆ ಇರೋದು ಭಾಷೆ, ಈಚೆ ಇರೋದು ಉಪಭಾಷೆ. ಆ ಗೆರೆ ಎಳೆದಿದ್ದು ಯಾವ ಕಿವಿ, ನೀವೇ ಹೇಳಿ?

ಇನ್ನು 'ಅರ್ಥ ಆಗೋದು' ಅನ್ನೋ ನಿಮ್ಮ ಅಳತೆಗೋಲು. ಅದು ಎರಡೂ ಕಡೆ ಒಂದೇ ಥರ ಅಳೆಯಲ್ಲ. ಸ್ವೀಡನ್ನಿನವರ ಮಾತು ಡೆನ್ಮಾರ್ಕಿನವರಿಗೆ ತಿಳಿಯೋಷ್ಟು ಇವರ ಮಾತು ಅವರಿಗೆ ತಿಳಿಯಲ್ಲ. ಟೀವಿ ನೋಡಿ ರೂಢಿಯಾದವನಿಗೂ ಮೊದಲ ಸಲ ಕೇಳೋನಿಗೂ ಅಜಗಜಾಂತರ, ಇಷ್ಟವಿಲ್ಲದವನಿಗಂತೂ ಅರ್ಥವೇ ಆಗಲ್ಲ. ಹಾಗಂತ ಭಾಷಾವಿಜ್ಞಾನ ದಂಡ ಅಲ್ಲ, ಎಷ್ಟು ಹತ್ರ ಎಷ್ಟು ದೂರ ಅಂತ ಅದು ಹೇಳುತ್ತೆ, ಹೆಸರಿಡೋದು ಮಾತ್ರ ಅದರ ಕೈಲಿಲ್ಲ.

ನನಗೆ ಸಂಕಟ ಆಗೋದು ಆ 'ಉಪ' ಅನ್ನೋ ಎರಡಕ್ಷರ ಕಂಡಾಗ. ಅದು ಅಂಟಿದ ಮಾತಿಗೆ ಪಠ್ಯಪುಸ್ತಕ ಇರಲ್ಲ, ಮಕ್ಕಳು ಆಡಿದ್ರೆ ತಿದ್ದುಪಡಿ. ನಾನು ಡೆಸ್ಕಿಗೆ ಹೊಸಬನಾಗಿದ್ದಾಗ ಒಂದು ಕತೆಯ ಮಾತುಗಳನ್ನೆಲ್ಲ 'ಶುದ್ಧ' ಮಾಡು ಅಂತ ಮೇಲಿನವರು ಕೊಟ್ರು, ನಾನೂ ಕೂತು ಮಾಡಿದೆ, ಅಜ್ಜಿಯೊಬ್ಬಳು ಮೊಮ್ಮಗನನ್ನ ಬೈಯೋ ಸಾಲೂ ಸರ್ಕಾರಿ ಸುತ್ತೋಲೆ ಥರ ಆಯ್ತು. ಆ ಲೇಖಕಿ ಆಮೇಲೆ ನಮಗೆ ಕತೆ ಕಳಿಸಲೇ ಇಲ್ಲ.